ಗಾಳಿ ಮೊದಲು, ಬಾಟಲಿ ಕೊನೆಗೆ!

ನೀಲಗುಂದ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಕಾರು, ಟ್ಯಾಕ್ಸಿ, ಬೈಕುಗಳ ಮಾಲೀಕರಲ್ಲಿ, ಚಾಲಕರಲ್ಲಿ ಮತ್ತು ಪಂಚರ್ ಅಂಗಡಿಯ ಅಣ್ಣತಮ್ಮಂದಿರಲ್ಲಿ ಒಂದು ಮನವಿ



ನಮ್ಮ ಸೀಮೆಯಲ್ಲಿ ಗಾಡಿ ಓಡಿಸುವವರಿಗೆ ಬಳ್ಳಾರಿ ಜಾಲಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ, ರಸ್ತೆಯ ಎರಡೂ ಬದಿಗೆ ಅದು ಬೆಳೆದು ನಿಂತಿದೆ. ಬೇಲಿಗೆಂದು ಕಡಿದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋದರೆ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಒಣಗಿದ ಆ ಮುಳ್ಳು ಚಪ್ಪಲಿಯನ್ನೂ ಬಿಡುವುದಿಲ್ಲ, ಟೈರನ್ನೂ ಬಿಡುವುದಿಲ್ಲ. ಮೊದಲು ಇದಕ್ಕೆ ಉಪಾಯ ಇತ್ತು: ಡಿಕ್ಕಿ ತೆಗೆದು ಸ್ಟೆಪ್ನಿ ಹಾಕಿಕೊಂಡು, ಪಂಚರ್ ಆದ ಟೈರನ್ನು ಅಂಗಡಿಗೆ ಕೊಟ್ಟು ಹೋಗುವುದು. ಈಗ ಎಲ್ಲ ಕಾರಿನಲ್ಲೂ ಸ್ಟೆಪ್ನಿ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರಲ್ಲಿ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿ ಇಳಿದರೆ ತಿಳಿಸುವ ವ್ಯವಸ್ಥೆ ಮತ್ತು ಪಂಚರ್ ಕಿಟ್ ಈ ಮೂರೂ ಇದ್ದರೆ ಸಣ್ಣ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಾಯಿತು. ಸಿಎನ್‌ಜಿ ಸಿಲಿಂಡರ್ ಜಾಗ ತಿಂದಿರುವ ಕೆಲವು ಕಾರುಗಳು, ಬ್ಯಾಟರಿಯ ಕೆಲವು ಕಾರುಗಳು ಸ್ಟೆಪ್ನಿ ಬಿಟ್ಟು ಕಿಟ್ ಮಾತ್ರ ಹೊತ್ತು ನಮ್ಮೂರಿಗೂ ಬರುತ್ತಿವೆ.

ಆ ಕಿಟ್ಟಿನಲ್ಲಿ ಎರಡು ವಸ್ತು ಇರುತ್ತವೆ. ಒಂದು, ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ಗಾಳಿ ಹಾಕುವ ಪುಟ್ಟ ಕಂಪ್ರೆಸರ್. ಇನ್ನೊಂದು, ಸೀಲೆಂಟ್ ಎಂಬ ಪಂಚರ್ ಲಿಕ್ವಿಡ್ ತುಂಬಿದ ಬಾಟಲಿ. ಎರಡೂ ಒಂದೇ ಚೀಲದಲ್ಲಿ ಬರುವುದರಿಂದ ಎರಡನ್ನೂ ಒಟ್ಟಿಗೇ ಬಳಸಬೇಕು ಎಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಮುಳ್ಳು ಹೊಕ್ಕ ಕೂಡಲೇ ಬಾಟಲಿ ಸುರಿಯುತ್ತಾರೆ. ಆಮೇಲೆ ಪಂಚರ್ ಅಂಗಡಿಗೆ ಹೋದರೆ "ಇದಕ್ಕೆ ಪ್ಯಾಚ್ ಹಿಡಿಯಲ್ಲಣ್ಣ, ಹೊಸ ಟೈರ್ ಹಾಕಿಸ್ಕೊಳ್ಳಿ" ಎಂಬ ಮಾತು ಕೇಳಿ ಬರುತ್ತಾರೆ. ಒಂದು ಮುಳ್ಳಿಗೆ ಒಂದು ಟೈರ್ ಹೋಗುತ್ತದೆ.

ಈ ನಷ್ಟ ತಪ್ಪಿಸಬಹುದು. ಹೇಗೆಂದು ಹೇಳುವುದಕ್ಕೇ ಈ ಕರಪತ್ರ. ದಯವಿಟ್ಟು ಪೂರ್ತಿ ಓದಿ, ಓದಿದ ಮೇಲೆ ಕಾರಿನಲ್ಲೇ ಇಟ್ಟುಕೊಳ್ಳಿ.

ಮುಳ್ಳಿನ ಪಂಚರಿಗೆ ಬಹಳ ಸಲ ಗಾಳಿಯೇ ಸಾಕು

ಟ್ಯೂಬ್ ಇರುವ ಟೈರಿಗೆ ಮುಳ್ಳು ಚುಚ್ಚಿದರೆ ಗಾಳಿ ಬೇಗ ಇಳಿಯುತ್ತದೆ. ಟ್ಯೂಬ್‌ಲೆಸ್ ಟೈರಿನ ಗುಣ ಬೇರೆ. ಮುಳ್ಳೋ ಮೊಳೆಯೋ ಒಳಹೊಕ್ಕು ಅಲ್ಲೇ ಸಿಕ್ಕಿಕೊಂಡರೆ ಸುತ್ತಲಿನ ರಬ್ಬರು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಗಾಳಿ ಸಂದಿಯಲ್ಲಿ ನಿಧಾನವಾಗಿ ಸೋರುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದು ಕಡೆ ಕುಸಿದು ನಿಂತಿರುವುದು ಹೀಗೆಯೇ. ಅದಕ್ಕೇ ಮೊದಲನೆಯ ಮಾತು: ಚುಚ್ಚಿಕೊಂಡದ್ದು ಕಣ್ಣಿಗೆ ಕಂಡರೂ ಕೀಳಬೇಡಿ. ಕಿತ್ತರೆ ನಿಧಾನವಾಗಿ ಸೋರುತ್ತಿದ್ದ ತೂತು ಬಾಯಿ ತೆರೆದುಕೊಳ್ಳುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನೀಲಗುಂದದಲ್ಲಿ ಮನೆಯ ಮುಂದೆ ಕಾರು ನಿಂತಿದೆ. ಬೆಳಿಗ್ಗೆ ನೋಡಿದರೆ ಎಡಗಡೆಯ ಹಿಂದಿನ ಚಕ್ರದಲ್ಲಿ ಗಾಳಿ 14 ಪಿಎಸ್‌ಐಗೆ ಇಳಿದಿದೆ. ಆ ಕಾರಿಗೆ ಕಂಪನಿ ಹೇಳಿದ ಗಾಳಿ 33. ಹರಪನಹಳ್ಳಿಯ ಪಂಚರ್ ಅಂಗಡಿ ಅರ್ಧ ಗಂಟೆಯ ದಾರಿ ಎಂದುಕೊಳ್ಳೋಣ. ಈಗ ಏನು ಮಾಡಬೇಕು?

ಬಾಟಲಿ ಮುಟ್ಟಬೇಡಿ. ಇಂಜಿನ್ ಚಾಲೂ ಮಾಡಿ, ಕಂಪ್ರೆಸರಿನ ಪೈಪನ್ನು ನೇರವಾಗಿ ಟೈರಿನ ವಾಲ್ವಿಗೆ ತಿರುಗಿಸಿ, 36 ಪಿಎಸ್‌ಐವರೆಗೆ ಗಾಳಿ ತುಂಬಿ. ಈ ಪುಟ್ಟ ಯಂತ್ರಗಳು ಬೇಗ ಕಾಯುತ್ತವೆ, ಆದ್ದರಿಂದ ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಓಡಿಸಬಾರದು, ಆರಲು ಬಿಡಬೇಕು. ತುಂಬಿದ ಮೇಲೆ ಹತ್ತು ನಿಮಿಷ ಕಾದು ಮತ್ತೆ ಅಳೆಯಿರಿ. 33ಕ್ಕೆ ಬಂದಿದೆ ಎಂದರೆ ಹತ್ತು ನಿಮಿಷಕ್ಕೆ 3 ಪಿಎಸ್‌ಐ ಸೋರಿದೆ. ಅರ್ಧ ಗಂಟೆಗೆ ಇದೇ ಲೆಕ್ಕದಲ್ಲಿ 9 ಹೋಗುತ್ತದೆ. ಮತ್ತೆ 36 ತುಂಬಿ ಹೊರಟರೆ ಅಂಗಡಿ ಮುಟ್ಟುವಾಗ ಸುಮಾರು 27 ಉಳಿದಿರುತ್ತದೆ. ನಡುದಾರಿಯಲ್ಲಿ ಒಮ್ಮೆ ನಿಲ್ಲಿಸಿ ಅಳೆದು, ಬೇಕಾದರೆ ಇನ್ನಷ್ಟು ಗಾಳಿ ಹಾಕಿಕೊಂಡು, 40-50ರ ವೇಗದಲ್ಲಿ ನಿಧಾನವಾಗಿ ಹೋಗಿ. ಟೈರಿನೊಳಗೆ ಒಂದು ಹನಿ ಲಿಕ್ವಿಡ್ ಇಲ್ಲ, ಒಳಮೈ ಒಣಗಿದೆ, ಚೊಕ್ಕವಾಗಿದೆ. ಪಂಚರ್ ಅಂಗಡಿಯವನಿಗೆ ಇಂಥ ಟೈರ್ ಸಿಕ್ಕರೆ ಕೆಲಸ ಸಲೀಸು, ಪ್ಯಾಚ್ ಗಟ್ಟಿ, ನಿಮಗೆ ಖರ್ಚೂ ಕಡಿಮೆ. ಬಾಟಲಿಯೂ ಹಾಗೇ ಉಳಿಯಿತು. ಒಂದು ಬಾಟಲಿಯ ಬೆಲೆ ಒಂದು ಪಂಚರಿನ ಕೂಲಿಗಿಂತ ಹಲವು ಪಟ್ಟು ಹೆಚ್ಚು ಎಂಬುದು ಕೊಂಡವರಿಗೆಲ್ಲ ಗೊತ್ತು.

ಹತ್ತು ನಿಮಿಷದಲ್ಲಿ 10-15 ಪಿಎಸ್‌ಐ ಇಳಿದರೆ, ಅಥವಾ ತುಂಬುತ್ತಿರುವಾಗಲೇ ಬುಸ್ಸೆಂದು ಹೊರಹೋಗುತ್ತಿದ್ದರೆ, ಬರೀ ಗಾಳಿಯಿಂದ ಆಗುವುದಿಲ್ಲ. ಊರಿನಲ್ಲೇ ಇದ್ದರೆ ಚಕ್ರ ಬಿಚ್ಚಿ ಬೈಕಿನಲ್ಲೋ ಆಟೋದಲ್ಲೋ ಅಂಗಡಿಗೆ ಕಳಿಸುವುದು ಆಗಲೂ ಬಾಟಲಿಗಿಂತ ಒಳ್ಳೆಯ ದಾರಿ. ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಸಮತಟ್ಟು ಜಾಗದಲ್ಲಿ ಜಾಕ್ ಕೊಟ್ಟರೆ ಅರ್ಧ ಗಂಟೆಯ ಕೆಲಸ. ಸ್ಟೆಪ್ನಿ ಇಲ್ಲದ ಕೆಲವು ಕಾರುಗಳಲ್ಲಿ ಜಾಕೂ ಇರುವುದಿಲ್ಲ. ಇದೆಯೋ ಇಲ್ಲವೋ ಇವತ್ತೇ ಡಿಕ್ಕಿ ತೆಗೆದು ನೋಡಿಕೊಳ್ಳಿ.

ಬಾಟಲಿಗೂ ಒಂದು ಹೊತ್ತು ಇದೆ

ರಾತ್ರಿ ಹೊತ್ತು, ಹೆದ್ದಾರಿ 50ರಲ್ಲಿ ಕೂಡ್ಲಿಗಿ ದಾಟಿ ನಿರ್ಜನ ಜಾಗ, ಕಾರಿನಲ್ಲಿ ವಯಸ್ಸಾದವರು, ಮಕ್ಕಳು ಇದ್ದಾರೆ, ಹಿಂದಿನಿಂದ ಲಾರಿಗಳು ಬರುತ್ತಿವೆ. ಅಂಥ ಕಡೆ ಚಕ್ರ ಬಿಚ್ಚುತ್ತ ಕೂರುವುದೇ ಅಪಾಯ. ಆಗ ಬಾಟಲಿ ಬಳಸಿ, ಅನುಮಾನ ಬೇಡ. ಜೀವದ ಮುಂದೆ ಟೈರ್ ಯಾವ ಲೆಕ್ಕ? ಆದರೆ ಲಿಕ್ವಿಡ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಗೊತ್ತಿರಲಿ.

ಕಿಟ್ಟಿನ ಲಿಕ್ವಿಡ್ ಸಾಮಾನ್ಯವಾಗಿ ರಬ್ಬರಿನ ಹಾಲು, ಅದು ಹೆಪ್ಪಾಗದಂತೆ ಕಾಯುವ ಗ್ಲೈಕಾಲ್ ಮತ್ತು ಅಂಟಿನ ಮಿಶ್ರಣ. ಗಾಳಿಯ ಒತ್ತಡಕ್ಕೆ ಅದು ತೂತಿನೊಳಗೆ ನುಗ್ಗುತ್ತದೆ, ಅಲ್ಲಿ ರಬ್ಬರು ಗಟ್ಟಿಯಾಗಿ ಬಿರಡೆಯಂತೆ ಕೂರುತ್ತದೆ. ಇದು ಆಗುವುದು ಚಕ್ರ ಉರುಳಿದಾಗ ಮಾತ್ರ. ನಿಂತ ಕಾರಿನಲ್ಲಿ ಲಿಕ್ವಿಡ್ ಕೆಳಗೇ ಮಡುಗಟ್ಟಿರುತ್ತದೆ, ತೂತು ಮೇಲಿದ್ದರೆ ಅದನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ತುಂಬಿದ ಕೂಡಲೇ ಹೊರಡಬೇಕು. ತುಂಬುವಾಗ ಮೀಟರಿನ ಮುಳ್ಳು ಒಮ್ಮೆಲೇ ಬಹಳ ಮೇಲೇರಿದರೆ ಗಾಬರಿ ಬೇಡ, ಲಿಕ್ವಿಡ್ ವಾಲ್ವಿನ ಸಣ್ಣ ಬಾಯಲ್ಲಿ ನುಸುಳುವಾಗ ಹಾಗೆ ತೋರಿಸಿ ಅರ್ಧ ನಿಮಿಷದಲ್ಲಿ ಇಳಿಯುತ್ತದೆ. ನಾಲ್ಕೈದು ಕಿಲೋಮೀಟರ್ ಹೋಗಿ ನಿಲ್ಲಿಸಿ, ಗಾಳಿ ಅಳೆಯಿರಿ. ಸುಮಾರು 19 ಪಿಎಸ್‌ಐಗಿಂತ ಕೆಳಗಿಳಿದಿದ್ದರೆ ತೂತು ಮುಚ್ಚಿಲ್ಲ ಎಂದರ್ಥ. ಮುಂದೆ ಓಡಿಸಬೇಡಿ, ಸಹಾಯಕ್ಕೆ ಫೋನ್ ಮಾಡಿ. ಅದಕ್ಕಿಂತ ಹೆಚ್ಚಿದ್ದರೆ ಕಂಪನಿ ಹೇಳಿದಷ್ಟು ಗಾಳಿ ತುಂಬಿ ಹತ್ತಿರದ ಅಂಗಡಿಗೆ ಹೋಗಿ.

ಟೈರಿನ ತಳದಲ್ಲಿ, ರಸ್ತೆ ಮುಟ್ಟುವ ಭಾಗದಲ್ಲಿ, 4ರಿಂದ 6 ಮಿಲಿಮೀಟರ್‌ವರೆಗಿನ ತೂತಿಗೆ ಮಾತ್ರ ಈ ಲಿಕ್ವಿಡ್ ಆಗುತ್ತದೆ. ಟೈರಿನ ಪಕ್ಕೆ ಸೀಳಿದ್ದರೆ ಬಾಟಲಿ ಸುರಿದು ಪ್ರಯೋಜನವಿಲ್ಲ. ಚಕ್ರ ತಿರುಗಿದಂತೆಲ್ಲ ಪಕ್ಕೆ ಬಾಗಿ ಏಳುತ್ತದೆ, ಅಲ್ಲಿ ಯಾವ ಬಿರಡೆಯೂ ನಿಲ್ಲುವುದಿಲ್ಲ. ವೇಗ 80 ದಾಟಬಾರದು. ದೂರ ಹೆಚ್ಚೆಂದರೆ 200 ಕಿಲೋಮೀಟರ್. ನಮ್ಮೂರಿನಿಂದ ಬೆಂಗಳೂರು 250 ಕಿಲೋಮೀಟರಿಗೂ ದೂರ. ಮುಳ್ಳು ಚುಚ್ಚಿದ ಟೈರಿಗೆ ಲಿಕ್ವಿಡ್ ಹಾಕಿ, ಗಾಳಿ ನಿಂತಿತೆಂದು ಬೆಂಗಳೂರಿನ ಬಾಡಿಗೆಗೆ ಹೊರಡುವ ಟ್ಯಾಕ್ಸಿ ಅಣ್ಣಂದಿರೇ, ಇದನ್ನು ಗಮನಿಸಿ. ಪಂಚರ್ ಹಾಕಿಸಿಕೊಂಡೇ ಹೊರಡಿ.

ಲಿಕ್ವಿಡ್ ಹಾಕಿದ ಟೈರಿನೊಳಗೆ ಏನಾಗುತ್ತದೆ

ಒಂದು ಕಾರಿನ ಬಾಟಲಿಯಲ್ಲಿ ಸುಮಾರು ಅರ್ಧ ಲೀಟರ್ ಲಿಕ್ವಿಡ್ ಇರುತ್ತದೆ. ಅದು ತೂತಿಗಷ್ಟೇ ಹೋಗುವುದಿಲ್ಲ, ಟೈರಿನ ಒಳಮೈಗೆಲ್ಲ ಬಳಿದುಕೊಳ್ಳುತ್ತದೆ. ರಿಪೇರಿಗೆ ತೊಡಕು ಆಗುವುದು ಇಲ್ಲಿ.

ಸರಿಯಾದ ಪಂಚರ್ ಹೇಗೆ ಹಾಕುತ್ತಾರೆ ನೋಡಿ. ಟೈರನ್ನು ಡಿಸ್ಕಿನಿಂದ ಬಿಚ್ಚಿ, ಒಳಗಿನಿಂದ ತೂತನ್ನು ಪರೀಕ್ಷಿಸಿ, ತೂತಿನ ಸುತ್ತ ಒಳಮೈಯನ್ನು ಉಜ್ಜಿ ಒರಟು ಮಾಡಿ, ಸಲ್ಯೂಷನ್ ಹಚ್ಚಿ, ಅದು ಒಣಗಿ ಅಂಟಂಟಾಗುವವರೆಗೆ ಕಾದು, ಅಣಬೆಯಾಕಾರದ ಮಶ್ರೂಮ್ ಪ್ಯಾಚನ್ನು ಒಳಗಿನಿಂದ ಹೊರಕ್ಕೆ ಎಳೆದು, ರೋಲರಿನಿಂದ ಒತ್ತಿ ಕೂರಿಸುತ್ತಾರೆ. ಅಣಬೆಯ ಕಾಲು ತೂತನ್ನು ತುಂಬುತ್ತದೆ, ಕೊಡೆ ಒಳಗಿನಿಂದ ಮುಚ್ಚುತ್ತದೆ. ಗಾಳಿ ಹೊರಹೋಗುವುದೂ ನಿಂತಿತು, ಹೊರಗಿನ ನೀರು ಒಳಗಿನ ಉಕ್ಕಿನ ತಂತಿಗೆ ತಾಗುವುದೂ ನಿಂತಿತು.

ಈಗ ಒಳಮೈಗೆ ಲಿಕ್ವಿಡ್ ಮೆತ್ತಿದೆ ಎಂದುಕೊಳ್ಳಿ. ಎಣ್ಣೆ ಕುಡಿದ ಗೋಡೆಗೆ ಸುಣ್ಣ ಹಿಡಿಯದಂತೆ, ಆ ಮೈಗೆ ಸಲ್ಯೂಷನ್ ಹಿಡಿಯುವುದಿಲ್ಲ. ತೊಳೆಯದೆ ಉಜ್ಜಿದರೆ ಇನ್ನೂ ಕೆಡುತ್ತದೆ, ಉಜ್ಜುವ ಚಕ್ರವೇ ಆ ಅಂಟನ್ನು ರಬ್ಬರಿನೊಳಗೆ ತಿಕ್ಕಿ ಸೇರಿಸುತ್ತದೆ. ಪ್ಯಾಚ್ ಅಂಟಿದಂತೆ ಕಂಡು ನಾಲ್ಕು ದಿನಕ್ಕೆ ಅಂಚು ಬಿಡುತ್ತದೆ. ತೂತಿನೊಳಗೂ ಹಾಗೇ. ಅಲ್ಲಿ ಕೂತಿರುವ ಮೆತ್ತನೆಯ ಬಿರಡೆಯನ್ನು ರೀಮರ್ ಹಾಕಿ ತೆಗೆದು ಚೊಕ್ಕ ಮಾಡದಿದ್ದರೆ ಅಣಬೆಯ ಕಾಲು ಜಾರುತ್ತದೆ.

ಮುಳ್ಳಿನ ಸೀಮೆಯವರಾದ ನಮಗೆ ಇನ್ನೊಂದು ತೊಡಕಿದೆ. ಲಿಕ್ವಿಡ್ ಗಾಳಿ ನಿಲ್ಲಿಸುತ್ತದೆಯೇ ಹೊರತು ಮುಳ್ಳು ತೆಗೆಯುವುದಿಲ್ಲ. ಮುರಿದ ಮುಳ್ಳಿನ ತುದಿ ಟೈರಿನೊಳಗೇ ಉಳಿದು, ಚಕ್ರ ಉರುಳಿದಂತೆಲ್ಲ ತೂತನ್ನು ಕೊರೆಯುತ್ತ ಹೋಗುತ್ತದೆ. ಗಾಳಿ ನಿಂತಿದೆಯಲ್ಲ ಎಂದು ತಿಂಗಳುಗಟ್ಟಲೆ ಓಡಿಸಿದರೆ ಆ ತೂತಿನ ದಾರಿಯಲ್ಲಿ ನೀರಿನಂಶ ಇಳಿದು ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ. ಒಂದು ಪ್ಯಾಚಿಗೆ ಮುಗಿಯುತ್ತಿದ್ದ ಗಾಯ ಆಗ ಟೈರನ್ನೇ ತಿನ್ನುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಗಾಳಿ ಇಲ್ಲದ ಟೈರಿನ ಮೇಲೆ ಒಂದೆರಡು ಕಿಲೋಮೀಟರ್ ಓಡಿಸಿದರೂ ಪಕ್ಕೆಯ ರಬ್ಬರು ಒಳಗೊಳಗೇ ಮಡಚಿ, ತಿಕ್ಕಿ, ಕಾಯ್ದು ಪುಡಿಯಾಗುತ್ತದೆ. ಅಂಥ ಟೈರನ್ನು ಬಿಚ್ಚಿದರೆ ಒಳಗೆ ಮಸಿಯಂಥ ಕಪ್ಪು ಪುಡಿ ಬೀಳುತ್ತದೆ, ಪಕ್ಕೆಯ ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಗೆರೆ ಕಾಣುತ್ತದೆ. ಅದು ಸತ್ತ ಟೈರು. ಎಂಥ ಪ್ಯಾಚ್ ಹಾಕಿದರೂ ಹೆದ್ದಾರಿಯಲ್ಲಿ ಪಕ್ಕೆ ಸಿಡಿಯಬಹುದು. ಲಿಕ್ವಿಡ್ ಹಾಕಿದರೆ ಈ ಪುಡಿ ಅದರಲ್ಲಿ ಕಲಸಿಹೋಗುತ್ತದೆ, ಗೆರೆ ಮುಚ್ಚಿಹೋಗುತ್ತದೆ. ಟೈರ್ ಸಾಯುವುದು ಲಿಕ್ವಿಡ್ಡಿನಿಂದಲ್ಲ, ಗಾಳಿ ಇಲ್ಲದೆ ಓಡಿಸಿದ್ದರಿಂದ. ಆದರೆ ಅದು ಸತ್ತಿದೆ ಎಂಬ ಗುರುತನ್ನು ಲಿಕ್ವಿಡ್ ಅಡಗಿಸುತ್ತದೆ. ಆದ್ದರಿಂದ ಲಿಕ್ವಿಡ್ ಹಾಕಿದ ಟೈರನ್ನು ಬಿಚ್ಚದೆ, ತೊಳೆಯದೆ, ನೋಡದೆ ಹೊರಗಿನಿಂದ ಸ್ಟ್ರಿಪ್ ಚುಚ್ಚಿ ಕಳಿಸುವುದು ದೊಡ್ಡ ತಪ್ಪು.

ಸಣ್ಣ ತೊಂದರೆಗಳೂ ಇವೆ. ಒಳಗೆ ಮಡುಗಟ್ಟಿದ ಲಿಕ್ವಿಡ್ಡಿನಿಂದ ಬ್ಯಾಲೆನ್ಸ್ ತಪ್ಪಿ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ವಾಲ್ವಿನ ಪಿನ್ನಿನಲ್ಲಿ ಅಂಟು ಕಟ್ಟಿ ಗಾಳಿ ಹೋಗುವುದೂ ಕಷ್ಟ, ನಿಲ್ಲುವುದೂ ಕಷ್ಟ. ಚಕ್ರದೊಳಗೆ ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಅದರ ಸಣ್ಣ ರಂಧ್ರ ಮುಚ್ಚಿ ತಪ್ಪು ಲೆಕ್ಕ ತೋರಿಸುತ್ತದೆ. ಇವಕ್ಕೆಲ್ಲ ತೊಳೆಯುವುದು, ಪಿನ್ ಬದಲಿಸುವುದು, ಬ್ಯಾಲೆನ್ಸಿಂಗ್ ಮಾಡಿಸುವುದು ಉಪಾಯ. ಇದಕ್ಕಾಗಿ ಟೈರ್ ಎಸೆಯಬೇಕಿಲ್ಲ.

ಪಂಚರ್ ಅಂಗಡಿಯ ಅಣ್ಣತಮ್ಮಂದಿರೇ, ತೊಳೆದು ನೋಡಿ

ಲಿಕ್ವಿಡ್ ಹಾಕಿದ ಟೈರ್ ಬಿಚ್ಚಿದರೆ ಮೈಕೈಗೆಲ್ಲ ಅಂಟು, ಮೂಗಿಗೆ ಅಮೋನಿಯಾ ವಾಸನೆ, ಅಂಗಡಿಯೆಲ್ಲ ಗಲೀಜು. ಒಂದು ಪಂಚರಿನ ಕೂಲಿಗೆ ಇಷ್ಟು ಕಷ್ಟ ಯಾಕೆಂದು ನೀವು ಬೇಡವೆನ್ನುವುದು ನಮಗೆ ಅರ್ಥವಾಗುತ್ತದೆ. ಅದಕ್ಕೇ ಹೇಳುತ್ತೇವೆ: ತೊಳೆಯುವ ಕೂಲಿಯನ್ನು ಬೇರೆಯಾಗಿ ಕೇಳಿ ಪಡೆಯಿರಿ. ಹೊಸ ಟೈರಿನ ಬೆಲೆಯ ಮುಂದೆ ಅದು ಏನೇನೂ ಅಲ್ಲ, ಗಿರಾಕಿ ಸಂತೋಷದಿಂದ ಕೊಡುತ್ತಾನೆ.

ಕೆಲಸದ ಕ್ರಮ ಹೀಗಿರಲಿ. ಟೈರ್ ಬಿಚ್ಚುವ ಮೊದಲೇ ತೂತಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಳಗೆ ಅಂಟು ಮೆತ್ತಿದ ಮೇಲೆ ಹುಡುಕುವುದು ಕಷ್ಟ. ವಾಲ್ವನ್ನು ಮೇಲ್ಗಡೆ ಮಾಡಿ ಗಾಳಿ ಬಿಡಿ, ಕೆಳಗಿದ್ದರೆ ಲಿಕ್ವಿಡ್ ಮುಖಕ್ಕೆ ಚಿಮ್ಮುತ್ತದೆ. ಬಿಚ್ಚಿದ ಮೇಲೆ ಒಳಗಿನ ಲಿಕ್ವಿಡ್ಡನ್ನು ಹಳೆಯ ಡಬ್ಬಿಗೆ ಬಸಿದುಕೊಳ್ಳಿ. ಹಸಿಯಿರುವಾಗ ಅದು ಬರೀ ನೀರಿಗೆ ಹೋಗುತ್ತದೆ. ಒಣಗಿದ್ದರೆ ಪೊರೆಯಂತೆ ಸುಲಿದು, ಉಳಿದದ್ದನ್ನು ಬಟ್ಟೆಯಿಂದ ತಿಕ್ಕಿ ತೆಗೆಯಬೇಕು. ಪೆಟ್ರೋಲ್, ಡೀಸೆಲ್ ಹಾಕಿ ತೊಳೆಯಬೇಡಿ, ರಬ್ಬರು ಉಬ್ಬಿ ಕೆಡುತ್ತದೆ. ಪೂರ್ತಿ ಒಣಗಿಸಿ, ಬೆಳಕಿನಲ್ಲಿ ಪಕ್ಕೆಯ ಒಳಮೈಯನ್ನು ಸುತ್ತಲೂ ನೋಡಿ. ಸುಕ್ಕಿನ ಗೆರೆಯೋ, ದಾರ ಕಾಣುವಷ್ಟು ಸವೆತವೋ ಇದ್ದರೆ ಗಿರಾಕಿಗೆ ತೋರಿಸಿ, ಆ ಟೈರಿಗೆ ಪ್ಯಾಚ್ ಹಾಕಬೇಡಿ. ತೂತು 6 ಮಿಲಿಮೀಟರಿಗಿಂತ ದೊಡ್ಡದಿದ್ದರೂ, ಪಕ್ಕೆಗೆ ಹತ್ತಿರದಲ್ಲಿದ್ದರೂ ಹಾಕಬೇಡಿ. ಇಲ್ಲವಾದರೆ ಒಳಗೆಲ್ಲ ಒಣಬಟ್ಟೆ ಆಡಿಸಿ. ಮುಳ್ಳು ಉಳಿದಿದ್ದರೆ ಬಟ್ಟೆಯ ಎಳೆ ಸಿಕ್ಕಿಕೊಂಡು ತೋರಿಸುತ್ತದೆ, ನಿಮ್ಮ ಬೆರಳೂ ಉಳಿಯುತ್ತದೆ. ಮುಳ್ಳು ತೆಗೆದು, ರೀಮರ್ ಆಡಿಸಿ, ಆಮೇಲೆ ಉಜ್ಜಿ ಮಶ್ರೂಮ್ ಹಾಕಿ. ಡಿಸ್ಕ್ ತೊಳೆಯಿರಿ, ವಾಲ್ವಿನ ಪಿನ್ ಹೊಸದು ಹಾಕಿ, ಗಾಳಿ ತುಂಬಿ ಸಾಬೂನು ನೀರು ಬಿಟ್ಟು ನೋಡಿ, ಬ್ಯಾಲೆನ್ಸಿಂಗ್ ಮಾಡಿಸಲು ಹೇಳಿ ಕಳಿಸಿ.

ಒಂದು ಎಚ್ಚರಿಕೆ. ಕಂಪ್ರೆಸರ್ ಇಲ್ಲದೆ, ಡಬ್ಬಿಯ ಮೂತಿ ವಾಲ್ವಿಗೆ ಒತ್ತಿದರೆ ತಾನೇ ತುಂಬಿಕೊಳ್ಳುವ ಸ್ಪ್ರೇ ಡಬ್ಬಿಗಳೂ ಬಜಾರಿನಲ್ಲಿವೆ. ಅವುಗಳಲ್ಲಿ ಕೆಲವಕ್ಕೆ ಅಡುಗೆ ಗ್ಯಾಸಿನ ಜಾತಿಯ ಅನಿಲ ತುಂಬಿರುತ್ತಾರೆ. ಆ ಟೈರಿನೊಳಗೆ ಬೆಂಕಿ ಹೊತ್ತುವ ಗಾಳಿ ಇದೆ ಎಂದು ತಿಳಿದೇ ಮುಟ್ಟಬೇಕು. ಬಿಸಿ ಪ್ಯಾಚಿನ ಒಲೆ, ವೆಲ್ಡಿಂಗ್, ಬೀಡಿ ಯಾವುದೂ ಹತ್ತಿರ ಇರಬಾರದು. ಬಯಲಿನಲ್ಲಿ ಗಾಳಿ ಪೂರ್ತಿ ಬಿಟ್ಟು, ಬರೀ ಗಾಳಿ ತುಂಬಿ ಮತ್ತೆ ಬಿಟ್ಟು, ಆಮೇಲೆ ಬಿಚ್ಚಿ. ಗಿರಾಕಿ ಹೇಳದಿದ್ದರೂ "ಲಿಕ್ವಿಡ್ ಹಾಕಿದ್ದೀರಾ? ಬಾಟಲಿಯೋ ಸ್ಪ್ರೇಯೋ?" ಎಂದು ನೀವೇ ಕೇಳಿ.

ಬೈಕಿನವರಿಗೆ ಎರಡು ಮಾತು

ಬೈಕು, ಸ್ಕೂಟರಿನ ಟ್ಯೂಬ್‌ಲೆಸ್ ಟೈರಿಗೆ ಪಂಚರ್ ಆಗುವ ಮೊದಲೇ ಜೆಲ್ ತುಂಬಿಸುವುದು ಈಗ ರೂಢಿ. ಹೊಲಕ್ಕೆ ದಿನಾ ಹೋಗಿಬರುವವರಿಗೆ ಸಣ್ಣ ಮುಳ್ಳಿನ ಕಾಟದಿಂದ ಇದು ನಿಜವಾಗಿ ಕಾಪಾಡುತ್ತದೆ. ಆದರೆ ಎಷ್ಟು ಮುಳ್ಳು ಹೊಕ್ಕಿವೆ ಎಂಬುದೇ ನಿಮಗೆ ತಿಳಿಯದೆ ಹೋಗುತ್ತದೆ. ತಿಂಗಳಿಗೊಮ್ಮೆ ಟೈರನ್ನು ನಿಧಾನವಾಗಿ ತಿರುಗಿಸಿ ನೋಡಿ, ಗಾಳಿ ಅಳೆಯಿರಿ. ನಮ್ಮ ಬೇಸಿಗೆಯ ಕಾವಿಗೆ ಈ ಜೆಲ್ ಒಳಗೇ ಒಣಗಿ ಉಂಡೆ ಕಟ್ಟುತ್ತದೆ, ಆಮೇಲೆ ಅದು ತೂತು ಮುಚ್ಚುವುದಿಲ್ಲ. ಮೇಲಿಂದ ಮೇಲೆ ಹೊಸದು ಸುರಿಸಬೇಡಿ, ಹಳೆಯದನ್ನು ತೆಗೆಸಿ ತುಂಬಿಸಿ. ಟ್ಯೂಬ್ ಇರುವ ಚಕ್ರಕ್ಕೆ ಟ್ಯೂಬ್‌ಲೆಸ್ಸಿನ ಲಿಕ್ವಿಡ್ ಹಾಕಿಸಬೇಡಿ. ಟ್ಯೂಬಿನ ತೂತಿನಲ್ಲಿ ಅದು ಜಿನುಗುತ್ತಲೇ ಇರುತ್ತದೆ, ಬಿಸಿ ಪ್ಯಾಚೂ ಹಿಡಿಯುವುದಿಲ್ಲ, ಕೊನೆಗೆ ಹೊಸ ಟ್ಯೂಬೇ ಗತಿ.

ಬಸಿದ ಲಿಕ್ವಿಡ್ ನೆಲಕ್ಕೆ ಚೆಲ್ಲಬೇಡಿ

ಎಥಿಲೀನ್ ಗ್ಲೈಕಾಲ್ ಇರುವ ಲಿಕ್ವಿಡ್ ವಿಷ, ರುಚಿ ಮಾತ್ರ ಸಿಹಿ. ನಾಯಿ, ಕುರಿ, ದನ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಯಾವ ಬಾಟಲಿಯಲ್ಲಿ ಯಾವ ಗ್ಲೈಕಾಲ್ ಇದೆ ಎಂದು ನೋಡಿ ಹೇಳಲಾಗದು, ಆದ್ದರಿಂದ ಎಲ್ಲವನ್ನೂ ವಿಷವೆಂದೇ ತಿಳಿಯಿರಿ. ಚರಂಡಿಗೆ, ಹಳ್ಳಕ್ಕೆ, ಅಂಗಡಿಯ ಮುಂದಿನ ಗುಂಡಿಗೆ ಬಿಡಬೇಡಿ. ಮುಚ್ಚಳವಿರುವ ಡಬ್ಬಿಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ಇಂಜಿನ್ ಆಯಿಲ್ ಜೊತೆ ಬೆರೆಸದೆ ಬೇರೆಯಾಗಿ ವಿಲೇವಾರಿಗೆ ಕೊಡಿ. ತೊಳೆದ ನೀರೂ ದನ ಕುಡಿಯುವ ಜಾಗಕ್ಕೆ ಹರಿಯದಿರಲಿ.

ಇವತ್ತಿನಿಂದ ನಾವೆಲ್ಲ ಮಾಡಬೇಕಾದದ್ದು

ಕಾರಿನವರೇ, ಟ್ಯಾಕ್ಸಿಯವರೇ:

1. ಇವತ್ತೇ ಡಿಕ್ಕಿ ತೆಗೆಯಿರಿ. ಸ್ಟೆಪ್ನಿ ಇದೆಯೇ, ಜಾಕ್ ಇದೆಯೇ, ಕಿಟ್ ಇದೆಯೇ ನೋಡಿ. ಬಾಟಲಿಯ ಮೇಲೆ ಮುದ್ರಿಸಿರುವ ಅವಧಿ ಓದಿ. ಅವಧಿ ಮುಗಿದ ಲಿಕ್ವಿಡ್ ಗಟ್ಟಿಯಾಗಿ ಪೈಪಿನಲ್ಲೇ ಕಟ್ಟಿಕೊಳ್ಳುತ್ತದೆ.

2. ಕಂಪ್ರೆಸರನ್ನು ಬರೀ ಗಾಳಿಗೆ ಬಳಸುವುದು ಹೇಗೆಂದು ಮನೆಯ ಮುಂದೆ ಒಮ್ಮೆ ಮಾಡಿ ನೋಡಿ. ಕೆಲವು ಕಿಟ್‌ಗಳಲ್ಲಿ ಬಾಟಲಿ ಯಂತ್ರಕ್ಕೇ ಕೂಡಿಕೊಂಡಿರುತ್ತದೆ, ಗಾಳಿಗೂ ಲಿಕ್ವಿಡ್ಡಿಗೂ ಬೇರೆ ಬೇರೆ ಪೈಪೋ ಗುಬ್ಬಿಯೋ ಇರುತ್ತದೆ. ರಾತ್ರಿ ಕತ್ತಲಲ್ಲಿ ಅದನ್ನು ಕಲಿಯಲಾಗದು. ಕಿಟ್ ಇಲ್ಲದವರು ಕಂಪ್ರೆಸರ್ ಒಂದನ್ನೇ ಕೊಂಡಿಟ್ಟುಕೊಳ್ಳಬಹುದು.

3. ಸ್ಪ್ರೇ ಡಬ್ಬಿ ಇದ್ದರೆ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಬಿಸಿಲಿಗೆ ನಿಂತ ಮುಚ್ಚಿದ ಕಾರಿನೊಳಗಿನ ಕಾವು 50 ಡಿಗ್ರಿ ದಾಟುತ್ತದೆ, ಡಬ್ಬಿ ಸಿಡಿಯಬಹುದು.

4. ಗಾಳಿ ಇಳಿದ ಟೈರಿನ ಮೇಲೆ "ಇಲ್ಲೇ ಮುಂದೆ ಅಂಗಡಿ ಇದೆ" ಎಂದು ಓಡಿಸಬೇಡಿ. ಟೈರ್ ಸಾಯುವುದು ಆ ಒಂದೆರಡು ಕಿಲೋಮೀಟರಿನಲ್ಲೇ.

5. ಲಿಕ್ವಿಡ್ ಹಾಕಲೇಬೇಕಾಗಿ ಬಂದರೆ ಒಂದು ಚೀಟಿ ಬರೆದು ಸ್ಟೀರಿಂಗ್ ಬಳಿ ಅಂಟಿಸಿ: ಯಾವ ಚಕ್ರ, ಯಾವ ದಿನ, ಬಾಟಲಿಯೋ ಸ್ಪ್ರೇಯೋ, 80 ದಾಟಬಾರದು. ಮರುದಿನವೇ ಅಂಗಡಿಗೆ ಹೋಗಿ. ಹಸಿಯಿರುವಾಗ ತೊಳೆದರೆ ಟೈರ್ ಉಳಿಯುವ ಸಂಭವ ಹೆಚ್ಚು, ಒಣಗಿದಷ್ಟೂ ಕಷ್ಟ.

6. ಅಂಗಡಿಯಲ್ಲಿ ಬಾಯಿಬಿಟ್ಟು ಹೇಳಿ: "ಅಣ್ಣ, ಇದಕ್ಕೆ ಲಿಕ್ವಿಡ್ ಹಾಕಿದ್ದೀನಿ, ತೊಳೆದು ನೋಡಿ. ತೊಳೆಯೋ ಕೂಲಿ ಬೇರೆ ಕೊಡ್ತೀನಿ." ಮುಚ್ಚಿಟ್ಟರೆ ಅವನ ಕಣ್ಣಿಗೆ ಅಪಾಯ, ನಿಮ್ಮ ಟೈರಿಗೂ ನಷ್ಟ. ನೋಡದೆಯೇ "ಟೈರ್ ಹೋಯ್ತು" ಎಂದರೆ ಒಪ್ಪಬೇಡಿ, ಬಿಚ್ಚಿ ಒಳಮೈ ತೋರಿಸಲು ಕೇಳಿ. ತೋರಿಸಿದಾಗ ಸುಕ್ಕಿನ ಗೆರೆ ಕಂಡರೆ ವಾದ ಮಾಡದೆ ಟೈರ್ ಬದಲಿಸಿ.

ಹೊಸ ಕಾರು ಕೊಳ್ಳುವವರೇ: ಬಣ್ಣ, ಸ್ಕ್ರೀನು ನೋಡುವ ಮೊದಲು ಸ್ಟೆಪ್ನಿ ಇದೆಯೇ ಎಂದು ಕೇಳಿ. ಇಲ್ಲವೆಂದರೆ, ದುಡ್ಡು ಕೊಟ್ಟರೆ ಸಿಗುತ್ತದೆಯೇ, ಇಡಲು ಜಾಗ ಇದೆಯೇ, ಬಾಟಲಿ ಮುಗಿದರೆ ಹೊಸದು ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಎಂದು ಬರೆಸಿಕೊಳ್ಳಿ. ಜಾಲಿ ಮುಳ್ಳಿನ ಸೀಮೆಯಲ್ಲಿ ಈ ಪ್ರಶ್ನೆ ಕೇಳದೆ ಕಾರು ತರಬಾರದು.

ಪಂಚರ್ ಅಂಗಡಿಯವರೇ: "ಲಿಕ್ವಿಡ್ ಹಾಕಿದ ಟೈರ್ ತೊಳೆದು ನೋಡಿ ಪಂಚರ್ ಹಾಕಲಾಗುತ್ತದೆ. ತೊಳೆಯುವ ಕೂಲಿ ಪ್ರತ್ಯೇಕ" ಎಂಬ ಬೋರ್ಡ್ ಹಾಕಿ. ಕೊಟ್ಟೂರಿನ ತೇರು, ಮೈಲಾರದ ಜಾತ್ರೆಯ ದಿನಗಳಲ್ಲಿ ಹೊರಗಿನ ಗಾಡಿಗಳು ನೂರಾರು ಬರುತ್ತವೆ, ಅವರಿಗೂ ಈ ಬೋರ್ಡ್ ದಾರಿ ತೋರಿಸುತ್ತದೆ.

ಜಾಲಿ ಕಡಿದು ಸಾಗಿಸುವ ರೈತ ಬಾಂಧವರೇ: ಹೇರಿನ ಮೇಲೆ ಹಳೆಯ ತಾಡಪಾಲು ಹೊದಿಸಿ ಕಟ್ಟಿ. ರಸ್ತೆಗೆ ಉದುರಿದ ಕೊಂಬೆಯನ್ನು ಬದಿಗೆ ಸರಿಸಿ. ಅದೇ ರಸ್ತೆಯಲ್ಲಿ ನಿಮ್ಮ ಟ್ರ್ಯಾಕ್ಟರಿನ ಮುಂದಿನ ಚಕ್ರವೂ ಓಡುತ್ತದೆ, ಆಂಬುಲೆನ್ಸೂ ಓಡುತ್ತದೆ.

ಎಲ್ಲರೂ ನೆನಪಿಡಬೇಕಾದದ್ದು ಇಷ್ಟು:

ಮುಳ್ಳು ಕೀಳಬೇಡಿ. ಗಾಳಿ ತುಂಬಿ, ಅಳೆದು, ಅಂಗಡಿಗೆ ಹೋಗಿ.
ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಬಾಟಲಿ.
ಬಾಟಲಿ ಹಾಕಿದರೆ ಹೇಳಿ, ತೊಳೆಸಿ, ಒಳಗೆ ನೋಡಿಸಿ.

ಈ ಕರಪತ್ರವನ್ನು ಓದಿದವರು ಇನ್ನೊಬ್ಬ ಚಾಲಕರ ಕೈಗೆ ಕೊಡಿ. ಬಸ್ ನಿಲ್ದಾಣದಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಪಂಚರ್ ಅಂಗಡಿಯ ಗೋಡೆಯಲ್ಲಿ ಅಂಟಿಸಿ.

ಇಂತಿ,
ನೀಲಗುಂದ ಮತ್ತು ಸುತ್ತಲ ಹಳ್ಳಿಗಳ ಚಾಲಕರು, ಪಂಚರ್ ಕೆಲಸಗಾರರು